ಕಾಂಚನಾಳ ಬಗ್ಗೆ ನಾಲ್ಕು ಒಳ್ಳೆಯ ಮಾತು

ಸಂಗಮೇಶಣ್ಣ ಕೆಟ್ಟ ಮನುಷ್ಯನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಸಿಟ್ಟಿನಲ್ಲಿ ಮರೆತುಹೋದರೂ ಹೋದೀತು.

ಚಳ್ಳಕೆರೆಯಲ್ಲಿ ಮರುಳಪ್ಪನವರ ಶೇಂಗಾ ಘಟಕವಿದೆ. ಕಾಯಿ ಒಡೆದು, ಬೀಜ ಆರಿಸಿ, ತಿಂಡಿ ತಯಾರಿಸುವ ಕಂಪನಿಗಳಿಗೆ ಕಳಿಸುತ್ತಾರೆ. ಸಂಗಮೇಶಣ್ಣ ಅಲ್ಲಿ ಡಿಸ್‌ಪ್ಯಾಚ್ ನೋಡಿಕೊಳ್ಳುತ್ತಾನೆ. ಲಾರಿ ತುಂಬಿಸುವುದು, ಗೇಟು ದಾಟಿಸುವುದು ಅವನ ಕೈಯಲ್ಲಿ. ನಾನು ಅದೇ ಆಫೀಸಿನಲ್ಲಿ ಮಾಲಿನ ಜೊತೆ ಹೋಗುವ ಕಾಗದಪತ್ರಗಳನ್ನು ತಯಾರು ಮಾಡುವವಳು. ನಮ್ಮಿಬ್ಬರ ಮೇಜುಗಳ ನಡುವೆ ಒಂದು ಫ್ಯಾನು, ಒಂದು ಮರದ ಬೀರು. ಅವನ ಮಾತು ಬೇಡವೆಂದರೂ ನನ್ನ ಕಿವಿಗೆ ಬೀಳುತ್ತದೆ.

ಮಾತು ಎಂದರೆ ಅವನಿಗೆ ಅದೇ ಆಸ್ತಿ. ಚಳ್ಳಕೆರೆಯಿಂದ ಮೊಳಕಾಲ್ಮೂರಿನವರೆಗೆ ಯಾರ ಮನೆ ಯಾವುದು, ಯಾರ ಬೀಗರು ಯಾರು, ಯಾವ ಹುಡುಗ ಬಾಟಲಿ ಹಿಡಿದಿದ್ದಾನೆ, ಎಲ್ಲ ಬಾಯಿಪಾಠ. ಹೆಣ್ಣು ನೋಡುವವರು, ಗಂಡು ನೋಡುವವರು ಮೊದಲು ಅವನಿಗೆ ಫೋನು ಮಾಡಿ ವಿಚಾರಿಸುತ್ತಾರೆ. ಅವನು ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟು, ಎರಡೂ ಕೈ ಬಿಟ್ಟುಕೊಂಡು, ಇಡೀ ಆಫೀಸಿಗೆ ಕೇಳುವಂತೆ ಹುಡುಗಿಯ ಗುಣಗಾನ ಮಾಡುತ್ತಾನೆ. ಯಾರ ಬಗ್ಗೆಯೂ ಕೆಟ್ಟದ್ದು ಹೇಳುವವನಲ್ಲ. ತೀರಾ ಹೇಳಲೇಬೇಕಾದಾಗ, 'ನೀವೇ ಒಂದ್ಸಲ ಬಂದು ನೋಡ್ರಲ್ಲ' ಎಂದು ಮುಗಿಸುತ್ತಾನೆ. ವಿಚಾರಿಸಿದವರಿಗೆ ಅಷ್ಟಕ್ಕೇ ಅರ್ಥವಾಗುತ್ತದೆ. ಹೀಗೆ ಅವನ ಮಾತಿನ ಮೇಲೆ ನಿಂತ ಸಂಸಾರಗಳು ಈ ಕಡೆ ಬಹಳ ಇವೆ, ಅದರ ಬಗ್ಗೆ ಅವನಿಗೆ ಜಂಬವೂ ಇದೆ. ಇರಲಿ ಬಿಡಿ, ಯಾರಿಗಿಲ್ಲ.

ಕಾಂಚನಾ ನಮ್ಮ ಲ್ಯಾಬಿನಲ್ಲಿದ್ದವಳು. ಕೊಂಡ್ಲಹಳ್ಳಿಯ ತಿಪ್ಪಯ್ಯನವರ ಮಗಳು, ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಶೇಂಗಾದಲ್ಲಿ ತೇವ ಉಳಿದರೆ ಬೂಷ್ಟು ಬರುತ್ತದೆ, ಬೂಷ್ಟಿನಿಂದ ಅಫ್ಲಟಾಕ್ಸಿನ್ ಎಂಬ ವಿಷ ಸೇರುತ್ತದೆ. ಕಣ್ಣಿಗೆ ಕಾಣದು, ಹುರಿದರೂ ಪೂರ್ತಿ ಹೋಗದು. ಬೀಜವನ್ನು ಪುಡಿ ಮಾಡಿ, ದ್ರಾವಣದಲ್ಲಿ ಕಲಸಿ, ಸೋಸಿ, ಪರೀಕ್ಷೆಯ ಪಟ್ಟಿಯ ಮೇಲೆ ಹಾಕಿ ಅಳತೆ ನೋಡಬೇಕು. ಅದು ಅವಳ ಕೆಲಸ. ಮಾತು ಕಡಿಮೆ, ಆದರೆ ಹಿಡಿದ ಪಟ್ಟು ಬಿಡುವವಳಲ್ಲ. ಡ್ರೈವರುಗಳು ಅವಳಿಗೆ ಇಟ್ಟ ಹೆಸರನ್ನು ಇಲ್ಲಿ ಬರೆಯುವುದು ಬೇಡ.

ಕಳೆದ ವರ್ಷ ಮಾಲೀಕರು ಪರೀಕ್ಷೆಯನ್ನು ಹೊರಗಿನ ಲ್ಯಾಬಿಗೆ ಕೊಡುತ್ತೇವೆಂದು ನಮ್ಮ ಲ್ಯಾಬನ್ನು ಮುಚ್ಚಿದರು. ಕಾಂಚನಾ ಊರಿಗೆ ಹೋದಳು. ಕಂಡಕಂಡ ಕಡೆ ಅರ್ಜಿ ಹಾಕಿದಳು, ಎಲ್ಲಿಂದಲೂ ಉತ್ತರವಿಲ್ಲ. ಕೊನೆಗೆ ಮೊಳಕಾಲ್ಮೂರಿನಲ್ಲಿ ಸೀರೆ ನೇಯುವ ರಾಧಮ್ಮನವರ ಮನೆಯಲ್ಲಿ ಕಂಡಿಕೆ ಸುತ್ತಲು, ಅಂದರೆ ಮಗ್ಗದ ಲಾಳಿಗೆ ಹಾಕುವ ಕೊಳವೆಗೆ ರೇಷ್ಮೆ ಎಳೆ ಸುತ್ತಲು ಕೂತಳು. ಕಾಲೇಜಿಗೆ ಹೋಗುವಾಗ ರಜೆಯಲ್ಲಿ ಮಾಡುತ್ತಿದ್ದ ಕೆಲಸ ಅದು. ಕಂಡಿಕೆ ಸುತ್ತುವುದು ಕೀಳಲ್ಲ. ಆದರೆ ಕಲಿತದ್ದನ್ನೆಲ್ಲ ಕಟ್ಟಿಟ್ಟು ಹಳೆಯ ಮಣೆಗೇ ವಾಪಸು ಬಂದು ಕೂರುವುದು ಯಾರಿಗಾದರೂ ನೋವು. ಫೋನಿನಲ್ಲಿ ಅವಳು ಆ ನೋವನ್ನು ಹೇಳುತ್ತಿರಲಿಲ್ಲ. ಅವಳ ಅವ್ವ ಯರ್ರಮ್ಮ ಹೇಳುತ್ತಿದ್ದರು, ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ.

ಅಷ್ಟರಲ್ಲಿ ತುಮಕೂರಿನ ಒಂದು ಆಹಾರ ಕಂಪನಿಯಲ್ಲಿ ಕೆಲಸ ಖಾಲಿಯಾಯಿತು. ಅವರಿಗೆ ಮಾಲು ಕೊಡುವ ಗಿರಣಿಗಳಿಗೆ ಹೋಗಿ, ಗುಣಮಟ್ಟ ಪರಿಶೀಲಿಸಿ, ಸರಿಯಿಲ್ಲದಿದ್ದರೆ ಅಲ್ಲೇ ತಡೆದು ನಿಲ್ಲಿಸುವ ಹುದ್ದೆ. ಕಾಂಚನಾಳಿಗೆ ಹೇಳಿ ಮಾಡಿಸಿದ ಕೆಲಸ. ಅರ್ಜಿಗಳೆಲ್ಲ ಲಿಂಕ್ಡ್‌ಇನ್ ಮೂಲಕ. ಅಲ್ಲಿ ಅವಳ ಪ್ರೊಫೈಲ್ ಇತ್ತು, ನಮ್ಮೆಲ್ಲರದೂ ಇತ್ತು. ಮರುಳಪ್ಪನವರ ಮಗ ಪ್ರಭು ಹೊಸದಾಗಿ ವ್ಯವಹಾರ ವಹಿಸಿಕೊಂಡಾಗ, ನಮ್ಮದು ದೊಡ್ಡ ಕಂಪನಿಯಂತೆ ಕಾಣಬೇಕೆಂದು ಆಫೀಸು ಲ್ಯಾಬಿನವರನ್ನೆಲ್ಲ ಕೂರಿಸಿ ಖಾತೆ ತೆರೆಸಿದ್ದ. ಆದರೆ ಕಾಂಚನಾಳ ಪುಟದಲ್ಲಿದ್ದದ್ದು ಡಿಗ್ರಿ, ಘಟಕದ ಹೆಸರು, ಲ್ಯಾಬ್ ಕೆಲಸ, ಇಷ್ಟೇ. ಅಂಥವು ಅಲ್ಲಿ ರಾಶಿ ರಾಶಿ. ಅವಳ ಜೊತೆ ಕೆಲಸ ಮಾಡಿದವರು ಯಾರಾದರೂ ಅವಳ ಬಗ್ಗೆ ಬರೆದರೆ ಮಾತ್ರ ಅವಳು ಕಣ್ಣಿಗೆ ಬೀಳುವುದು. ಅದಕ್ಕೆ ಅವಳು ಸಂಗಮೇಶಣ್ಣನಿಗೆ ಲಿಂಕ್ಡ್‌ಇನ್‌ನಲ್ಲೇ ಶಿಫಾರಸಿನ ಕೋರಿಕೆ ಕಳಿಸಿದಳು.

ಅವನು ಕೋರಿಕೆ ಬಂದ ಅರ್ಧ ಗಂಟೆಯೊಳಗೆ ಬರೆದು ಕಳಿಸಿಬಿಟ್ಟ. ಇಂಗ್ಲಿಷಿನ ನಾಲ್ಕು ಸಾಲು, ಎಲ್ಲಿಂದಲೋ ಎತ್ತಿದ್ದು. ಕಷ್ಟಪಟ್ಟು ದುಡಿಯುವವಳು, ಪ್ರಾಮಾಣಿಕಳು, ತಂಡದ ಜೊತೆ ಬೆರೆಯುವವಳು, ಯಾವ ಸಂಸ್ಥೆಗೂ ಆಸ್ತಿಯಾಗಬಲ್ಲವಳು. ಇದೇ ನಾಲ್ಕು ಸಾಲನ್ನು ಅವನು ಆಗಲೇ ನಮ್ಮ ಹಳೆಯ ಗುಮಾಸ್ತನಿಗೂ, ಆರು ತಿಂಗಳಿಗೆ ಬಿಟ್ಟುಹೋದ ಒಬ್ಬ ಸೋಮಾರಿಗೂ ಬರೆದಿದ್ದ. ಹೆಸರು ಬದಲಾಯಿಸಿದರೆ ಆಯಿತು.

ಬರೆದವರು ಕಳಿಸಿದ ಮಾತ್ರಕ್ಕೆ ಅದು ಪ್ರೊಫೈಲಿನಲ್ಲಿ ಕಾಣುವುದಿಲ್ಲ. ಪಡೆದವರು ಓದಿ, ಒಪ್ಪಿ ಸೇರಿಸಿಕೊಳ್ಳಬೇಕು. ಬೇಡವಾದರೆ ತಿದ್ದಿ ಕೊಡಿ ಎಂದು ವಾಪಸು ಕೇಳಬಹುದು. ಕಾಂಚನಾ ವಾಪಸು ಕೇಳಿದಳು. ಸಂಗಮೇಶಣ್ಣನಿಗೆ ಅವಮಾನವಾದಂತಾಯಿತು. ಫೋನು ಹಿಡಿದುಕೊಂಡು ನನ್ನ ಮೇಜಿಗೆ ಬಂದ. ಅವಳು ಬರೆದಿದ್ದದ್ದು ಇಷ್ಟು: 'ಅಣ್ಣ, ಇದು ಯಾರಿಗೆ ಬೇಕಾದ್ರೂ ಆಗುತ್ತೆ. ಲಾರಿ ಇಳಿಸಿದ ದಿನದ್ದು ಬರೀರಿ. ಅದನ್ನ ಕಣ್ಣಾರೆ ನೋಡಿದೋರು ನೀವೊಬ್ರೇ ಇರೋದು.'

ಒಬ್ಬನೇ ಎಂದರೆ ನಿಜವಾಗಿ ಒಬ್ಬನಲ್ಲ. ಹಮಾಲರು ನೋಡಿದ್ದರು, ಬೀಜ ಆರಿಸುವ ಪಾತಮ್ಮ ಮತ್ತು ಅವಳ ಜೊತೆಯ ಹೆಂಗಸರು ನೋಡಿದ್ದರು. ಅವರು ಯಾರೂ ಲಿಂಕ್ಡ್‌ಇನ್‌ನಲ್ಲಿಲ್ಲ. ನಾನು ಅವತ್ತು ರಜೆಯಲ್ಲಿದ್ದೆ.

'ಲಾರಿ ಇಳಿಸಿದ್ದು ನೀನು ಕಂಡಂಗೆ ಹೇಳು, ನಾನು ಬರೀತೀನಿ' ಎಂದೆ. ಸಂಗಮೇಶಣ್ಣ ಕುರ್ಚಿ ಎಳೆದುಕೊಂಡು ಕೂತ. ಅವನಿಗೆ ಹೇಳಲು ಬರುತ್ತದೆ, ಬರೆಯಲು ಬಾರದು. ಮೊದಮೊದಲು ಮತ್ತೆ 'ಭಾಳ ಸಿನ್ಸಿಯರ್ ಹುಡುಗಿ' ಎಂದೇ ಶುರು ಮಾಡಿದ. ಸಿನ್ಸಿಯರ್ ಅನ್ನುವುದನ್ನು ಬಿಡು, ಅವಳು ಏನು ಮಾಡಿದಳು, ನೀನು ಏನು ಮಾಡಿದೆ, ಆಮೇಲೆ ಏನಾಯಿತು, ಅಷ್ಟು ಸಾಕು ಎಂದು ಗದರಿದೆ. ಓದುವವನಿಗೆ ನಿನ್ನ ಸರ್ಟಿಫಿಕೇಟು ಬೇಕಿಲ್ಲ, ಆ ದಿನ ಬೇಕು ಎಂದೆ. ಆಗ ಅವನ ಬಾಯಿ ಬಿಚ್ಚಿತು.

ಆ ವರ್ಷ ಶೇಂಗಾ ಕೀಳುವ ಹೊತ್ತಿಗೇ ಮಳೆ ಹಿಡಿದಿತ್ತು. ಒಂದು ಲೋಡು ಪರೀಕ್ಷೆಯಲ್ಲಿ ಪಾಸಾಗಿ ಲಾರಿಗೆ ತುಂಬಿಯಾಗಿತ್ತು, ತಾಡಪಾಲು ಕಟ್ಟಿಯಾಗಿತ್ತು. ಗೋದಾಮಿನ ಕಡೆ ಹೋದ ಕಾಂಚನಾ ಹಿಂದಿನ ಗೋಡೆ ಒದ್ದೆಯಾಗಿರುವುದನ್ನು ನೋಡಿದಳು. ಆ ಗೋಡೆಗೆ ಒತ್ತಿಟ್ಟ ಚೀಲಗಳೂ ಲಾರಿಗೆ ಹೋಗಿವೆಯೇ ಎಂದು ಪಾತಮ್ಮನನ್ನು ಕೇಳಿದಳು. ಹೋಗಿವೆ. ಪರೀಕ್ಷೆಗೆ ಬೀಜ ತೆಗೆದದ್ದು ಮುಂದಿನ ಸಾಲಿನ ಚೀಲಗಳಿಂದ ಮಾತ್ರ. ವಿಷ ಎಲ್ಲ ಬೀಜದಲ್ಲೂ ಸಮವಾಗಿ ಇರುವುದಿಲ್ಲ, ಯಾವುದೋ ಕೆಲವು ಚೀಲದ ಕೆಲವೇ ಬೀಜಗಳಲ್ಲಿ ಗುಂಪುಗೂಡಿರುತ್ತದೆ. ಹಾಗಾಗಿ ತನ್ನದೇ ರಿಪೋರ್ಟನ್ನು ತಾನು ನಂಬುವುದಿಲ್ಲ, ಲಾರಿ ಇಳಿಸಿ ಒಳಗಿನ ಚೀಲಗಳಿಂದ ಮತ್ತೆ ಬೀಜ ತೆಗೆಯಬೇಕು ಎಂದು ಅವಳು ಸಂಗಮೇಶಣ್ಣನಿಗೆ ಹೇಳಿದಳು. ಹಮಾಲರು ರೇಗಿದರು, ಡ್ರೈವರು ಬೈದ, ಪ್ರಭು ಫೋನಿನಲ್ಲಿ ಕೂಗಿದ. ಅವಳು ಹೋಗಿ ಲಾರಿಯ ಮುಂದೆ ನಿಂತಳು. ಕಿರುಚಲಿಲ್ಲ, ಅಳಲಿಲ್ಲ, ಸುಮ್ಮನೆ ನಿಂತಳು. ಸಂಗಮೇಶಣ್ಣ ಲಾರಿ ಇಳಿಸಲು ಹೇಳಿದ. ಒಳಗಿನ ಚೀಲಗಳ ಅಳತೆ ಮಿತಿ ದಾಟಿತ್ತು. ಆ ಚೀಲಗಳನ್ನು ಬೇರೆ ಮಾಡಿ, ಉಳಿದದ್ದನ್ನು ಮತ್ತೆ ಆರಿಸಿ, ಮತ್ತೆ ಪರೀಕ್ಷೆ ಮಾಡಿ ಕಳಿಸಿದರು. ಕೊಂಡವರ ಲ್ಯಾಬಿನಲ್ಲೂ ಅದು ಪಾಸಾಯಿತು.

'ನನ್ ಜೀವಮಾನದಾಗೆ ತುಂಬಿದ ಲಾರಿನ ಹಿಂಗೆ ಇಳ್ಸಿದ್ದು ಅದೊಂದೇ ಸಲ ಕಣಮ್ಮ' ಎಂದ ಸಂಗಮೇಶಣ್ಣ. ಅದನ್ನೂ ಬರೆದುಕೊಂಡೆ.

ನಾನು ಎಚ್ಚರದಿಂದಲೇ ಬರೆದೆ. ಕೊಂಡ ಕಂಪನಿಯ ಹೆಸರಿಲ್ಲ, ಅಳತೆಯ ಅಂಕಿ ಇಲ್ಲ. ಇಂಗ್ಲಿಷಿನಲ್ಲಿದ್ದ ಅದರ ಸಾರ ಹೀಗಿತ್ತು: ನಾನು ಲಾರಿ ಕಳಿಸುವವನು, ಕಾಂಚನಾ ಲ್ಯಾಬಿನವಳು, ಮೂರು ವರ್ಷ ಒಂದೇ ಅಂಗಳದಲ್ಲಿ ಕೆಲಸ ಮಾಡಿದ್ದೇವೆ. ಒಂದು ಮಳೆಗಾಲದಲ್ಲಿ, ಪಾಸಾದ ಲೋಡು ಹೊರಡುವ ಹೊತ್ತಿಗೆ, ತಾನು ತೆಗೆದ ಮಾದರಿ ಸಾಲದೆಂದು ಅವಳೇ ಬಂದು ಹೇಳಿದಳು. ತನ್ನ ರಿಪೋರ್ಟು ತಪ್ಪಿರಬಹುದೆಂದು ಒಪ್ಪಿಕೊಳ್ಳಲು ಅವಳಿಗೆ ನಾಚಿಕೆಯಾಗಲಿಲ್ಲ, ಲಾರಿ ತಡೆಯಲು ಭಯವಾಗಲಿಲ್ಲ. ನಾನೂ ಸೇರಿ ಎಲ್ಲರಿಗೂ ಅವಳ ಮೇಲೆ ಸಿಟ್ಟಿತ್ತು. ತುಂಬಿದ ಲಾರಿ ಇಳಿಸಿದೆವು, ಅವಳು ಹೇಳಿದ್ದು ನಿಜವಾಯಿತು, ಕೆಟ್ಟ ಚೀಲ ಹೊರಗೆ ಹೋಗಲಿಲ್ಲ. ಅವಳು ಸಹಿ ಹಾಕಿದ ಮಾಲನ್ನು ನಾನು ಎರಡನೇ ಸಲ ನೋಡದೆ ಗೇಟು ದಾಟಿಸುತ್ತಿದ್ದೆ.

ಸಂಗಮೇಶಣ್ಣನಿಗೆ ಕನ್ನಡದಲ್ಲಿ ಬಿಡಿಸಿ ಹೇಳಿದೆ. ಅವನ ಕಣ್ಣು ಒದ್ದೆಯಾಯಿತು, ಸುಳ್ಳಲ್ಲ. 'ಎಲ್ಲ ಖರೇನೇ ಐತೆ' ಎಂದು ತಾನೇ ಒತ್ತಿ ಕಳಿಸಿದ. ಕಾಂಚನಾ ಕೂಡಲೇ ತನ್ನ ಪ್ರೊಫೈಲಿಗೆ ಸೇರಿಸಿಕೊಂಡಳು.

ಅದು ಕೆಲಸ ಮಾಡಿತು. ತುಮಕೂರಿನ ಕಂಪನಿಯಲ್ಲಿ ಗುಣಮಟ್ಟ ವಿಭಾಗದ ಮುಖ್ಯಸ್ಥರು ವಿಶ್ವನಾಥ್ ಎಂಬುವರು, ಅವರೇ ಅವಳಿಗೆ ಫೋನು ಮಾಡಿದರು. ಬಂದ ಅರ್ಜಿಗಳಲ್ಲೆಲ್ಲ ಕಷ್ಟಪಟ್ಟು ದುಡಿಯುವವರೇ ತುಂಬಿದ್ದಾರೆ, ಲಾರಿ ಇಳಿಸಿದವರು ನೀವೊಬ್ಬರೇ ಎಂದರಂತೆ. ಫೋನಿನ ಸಂದರ್ಶನ ಚೆನ್ನಾಗಿ ಆಯಿತು. ಮುಂದಿನ ವಾರ ತುಮಕೂರಿಗೆ ಬರಲು ಹೇಳಿದರು. ಕಾಂಚನಾ ನನಗೆ ಫೋನು ಮಾಡಿ ಏನೇನೋ ಮಾತಾಡಿದಳು. ಮೂರು ವರ್ಷದಲ್ಲಿ ಅವಳು ನನ್ನ ಜೊತೆ ಅಷ್ಟು ಮಾತಾಡಿರಲಿಲ್ಲ. ಹಿಂದಿನಿಂದ ಯರ್ರಮ್ಮ, ಆ ಅಣ್ಣನ ಹೊಟ್ಟೆ ತಣ್ಣಗಿರಲಿ ಅನ್ನುತ್ತಿದ್ದುದು ಕೇಳಿಸಿತು.

ಯಾರ ಬಗ್ಗೆ ಬರೆದಿದ್ದೇವೋ ಅವರ ಪುಟದಲ್ಲಿ ಮಾತ್ರವಲ್ಲ, ಬರೆದವನ ಪುಟದಲ್ಲೂ ಆ ಶಿಫಾರಸು ಕಾಣುತ್ತದೆ. ಸಂಗಮೇಶಣ್ಣ ಲಿಂಕ್ಡ್‌ಇನ್‌ನಲ್ಲಿ ನಮ್ಮ ಮಾಲು ಕೊಳ್ಳುವವರಿಗೆಲ್ಲ ಪರಿಚಿತ. ಅವರಲ್ಲಿ ಒಬ್ಬ ಅದನ್ನು ಓದಿ, ಪ್ರಭುವಿಗೆ ಫೋನು ಮಾಡಿ, 'ಆ ಲೋಡು ನಮ್ಮದಾ?' ಎಂದು ನಗುತ್ತಲೇ ಕೇಳಿದನಂತೆ. ಪ್ರಭು ನಗಲಿಲ್ಲ. ಸಂಗಮೇಶಣ್ಣನನ್ನು ನಮ್ಮ ಕೋಣೆಯ ಮೂಲೆಯಲ್ಲೇ ಇದ್ದ ತನ್ನ ಮೇಜಿನ ಮುಂದೆ ನಿಲ್ಲಿಸಿಕೊಂಡ. ನಮ್ಮ ಗೋದಾಮಿನಲ್ಲಿ ಬೂಷ್ಟು ಹಿಡಿದಿದೆ ಎಂದು ನಮ್ಮವರೇ ಊರಿಗೆಲ್ಲ ಸಾರಿದರೆ ಹೊರಗಿನವರನ್ನು ಏನೆಂದು ಬೈಯುವುದು ಎಂದು ಕೇಳಿದ. ಅಪ್ಪನ ಕಾಲದಿಂದ ಉಪ್ಪುಂಡ ಮನುಷ್ಯ ನೀವು ಎಂದ. ಆ ಮಾತು ಸಂಗಮೇಶಣ್ಣನಿಗೆ ಚುಚ್ಚಿತು.

ನಾನು ನಡುವೆ ಬಾಯಿ ಹಾಕಿದೆ. ಅದರಲ್ಲಿ ನಮ್ಮ ಮಾಲು ಕೆಟ್ಟದ್ದು ಎಂದಿಲ್ಲ, ಕೆಟ್ಟದ್ದನ್ನು ಹೊರಗೆ ಬಿಡಲಿಲ್ಲ ಎಂದಿದೆ, ಅದು ಘಟಕಕ್ಕೇ ಗೌರವ ಎಂದೆ. ತಿದ್ದಬೇಕೆನಿಸಿದರೆ ತಿದ್ದಲೂ ಬರುತ್ತದೆ, ಮಳೆ ಲಾರಿ ಏನೂ ಬೇಡ, ತನ್ನ ರಿಪೋರ್ಟನ್ನೇ ಮತ್ತೆ ಪರೀಕ್ಷಿಸಿದಳು ಎಂಬಷ್ಟನ್ನು ಉಳಿಸೋಣ, ಕಾಂಚನಾಳಿಗೆ ಫೋನಿನಲ್ಲಿ ಹೇಳಿದರೆ ಅವಳು ಒಪ್ಪುತ್ತಾಳೆ ಎಂದೆ. ಪ್ರಭು ನನ್ನ ಕಡೆ ತಿರುಗಲೂ ಇಲ್ಲ. ಸಂಗಮೇಶಣ್ಣ ನಾನು ಮಾತಾಡುತ್ತಿರುವಾಗಲೇ ಫೋನು ತೆಗೆದು, ಶಿಫಾರಸನ್ನು ಅಳಿಸಿ, ಪ್ರಭುವಿಗೆ ತೋರಿಸಿದ. ಬರೆದವನು ಅಳಿಸಿದರೆ ಅದು ಎರಡೂ ಕಡೆಯಿಂದ ಹೋಗುತ್ತದೆ. ಪಡೆದವರನ್ನು ಯಾರೂ ಕೇಳುವುದಿಲ್ಲ.

ಕಾಂಚನಾಳಿಗೆ ತಿಳಿಸು ಎಂದು ನಾನು ಅವತ್ತು ಮಧ್ಯಾಹ್ನವೇ ಹೇಳಿದೆ. ಸಂಜೆ ಕೇಳಿದಾಗ ತಿಳಿಸಿದೆ ಎಂದ. ಅವನು ಹೇಳಿದ ಮೇಲೆ ನಂಬದಿರಲು ನನಗೇನೂ ಕಾರಣವಿರಲಿಲ್ಲ. ಅವನು ತಿಳಿಸಿರಲಿಲ್ಲ. ಅವಳ ಸಂದರ್ಶನ ಮುಗಿಯಲಿ, ಪ್ರಭು ತಣ್ಣಗಾಗಲಿ, ಆಮೇಲೆ ಮತ್ತೆ ಬರೆದರಾಯಿತು, ನಡುವೆ ಹುಡುಗಿಗೆ ಯಾಕೆ ನೋವು ಎಂದುಕೊಂಡನಂತೆ. ಇದೂ ಒಳ್ಳೆಯತನವೇ. ಇಂಥ ಒಳ್ಳೆಯತನಕ್ಕೆ ಏನು ಮಾಡಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ.

ತುಮಕೂರಿನಲ್ಲಿ ವಿಶ್ವನಾಥ್ ತಮ್ಮ ಜೊತೆ ಕೂತಿದ್ದ ಇನ್ನಿಬ್ಬರಿಗೆ ತೋರಿಸಲೆಂದು ಅವಳ ಪ್ರೊಫೈಲ್ ತೆರೆದರು. ಶಿಫಾರಸು ಇಲ್ಲ. ಕಾಂಚನಾ ತನ್ನ ಫೋನಿನಲ್ಲಿ ನೋಡಿದಳು, ಅಲ್ಲೂ ಇಲ್ಲ. ಅವಳ ಮುಖ ಹೇಗಾಗಿರಬೇಕೆಂದು ನಾನು ಬೇಡವೆಂದರೂ ಊಹಿಸಿಕೊಳ್ಳುತ್ತೇನೆ. ಬರೆದವರೇ ತೆಗೆದಿದ್ದಾರೆ ಎಂದರೆ ಬರೆದದ್ದು ಸುಳ್ಳೇ ಎಂದು ಅವರು ಕೇಳಿದರು. ಗದರಿಸಿ ಅಲ್ಲ, ಸಹಜವಾಗಿಯೇ ಕೇಳಿದರು. ಅವಳು, ಬರೆದದ್ದು ನಿಜ, ಯಾಕೆ ತೆಗೆದರೋ ನನಗೆ ಗೊತ್ತಿಲ್ಲ, ಅವರನ್ನೇ ಕೇಳಿ ಎಂದು ಸಂಗಮೇಶಣ್ಣನ ನಂಬರು ಕೊಟ್ಟಳು. ಅವನ ಮೇಲೆ ಅವಳಿಗೆ ಆಗಲೂ ನಂಬಿಕೆಯಿತ್ತು.

ಫೋನು ಬಂದಾಗ ನಾನು ನನ್ನ ಮೇಜಿನಲ್ಲಿದ್ದೆ, ಪ್ರಭು ತನ್ನ ಮೇಜಿನಲ್ಲಿದ್ದ. ಅಭ್ಯಾಸಬಲದಿಂದ ಸಂಗಮೇಶಣ್ಣ ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟ. ವಿಶ್ವನಾಥ್ ತಮ್ಮ ಪರಿಚಯ ಹೇಳಿಕೊಂಡು, ಕಾಂಚನಾ ಎಂಬುವರ ಬಗ್ಗೆ ಸ್ವಲ್ಪ ವಿಚಾರಿಸಬೇಕಿತ್ತು ಎಂದರು. ಸಂಗಮೇಶಣ್ಣ ಒಮ್ಮೆ ಪ್ರಭುವಿನ ಕಡೆ ನೋಡಿದ. ಪ್ರಭು ತಲೆ ಎತ್ತಿದ್ದ. 'ವಿಚಾರಿಸಬೇಕಿತ್ತು' ಎಂಬ ಮಾತು ಕಿವಿಗೆ ಬಿದ್ದದ್ದೇ, ಅವನು ಇಷ್ಟು ವರ್ಷ ಓಡಾಡಿದ ದಾರಿಗೇ ಇಳಿದುಬಿಟ್ಟ.

'ಹುಡ್ಗಿ ಭಾಳ ಒಳ್ಳೇಳು ಸಾರ್. ಕೊಂಡ್ಲಹಳ್ಳಿ ತಿಪ್ಪಯ್ಯನೋರ ಮಗಳು, ಮರ್ಯಾದಸ್ಥ ಮನೆತನ. ತಗ್ಗಿಸಿದ ತಲೆ ಎತ್ತಂಗಿಲ್ಲ. ದೊಡ್ಡೋರು ಹೇಳಿದ್ದಕ್ಕೆ ಹೂಂ ಅಂತಾಳೆ, ಎದುರು ಮಾತು ಅಂಬೋದೇ ಇಲ್ಲ. ಎಲ್ಲಿಗೆ ಹೋದ್ರೂ ಹೊಂದ್ಕೊಂಡು ಹೋಗ್ತಾಳೆ.'

 ವಿಶ್ವನಾಥ್ ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಕೇಳಿದರು. 'ಅದು ಸರಿ. ಅವರು ಲಾರಿ ನಿಲ್ಲಿಸಿ ಮಾಲು ಇಳಿಸಿದ್ರು ಅಂತ ನೀವು ಬರೆದಿದ್ರಲ್ಲ. ಅದು ನಡೆದಿತ್ತಾ?'

ನಾನು ಕುರ್ಚಿಯಿಂದ ಎದ್ದೆ. ಹೌದು ಎಂಬ ಒಂದು ಮಾತು ಸಾಕಾಗಿತ್ತು. ಸಂಗಮೇಶಣ್ಣ ನನ್ನನ್ನು ನೋಡಲಿಲ್ಲ.

'ಛೇ ಛೇ, ಅಂಥ ಜಗಳಗಂಟಿ ಅಲ್ಲ ಸಾರ್ ಅವಳು' ಎಂದ.

ವಿಶ್ವನಾಥ್ ಥ್ಯಾಂಕ್ಸ್ ಹೇಳಿ ಫೋನು ಇಟ್ಟರು. ಪ್ರಭು ತಲೆ ತಗ್ಗಿಸಿ ತನ್ನ ಕೆಲಸಕ್ಕೆ ಹತ್ತಿದ. ಸಂಗಮೇಶಣ್ಣ ಹಣೆ ಒರೆಸಿಕೊಂಡು ನನ್ನ ಕಡೆ ತಿರುಗಿ, ದೊಡ್ಡ ಗಂಡಾಂತರ ಪಾರಾದವನ ದನಿಯಲ್ಲಿ, ಕಂಪನಿ ಮಾನವನ್ನೂ ಉಳಿಸಿದೆ, ಹುಡುಗಿಯನ್ನೂ ಬಿಟ್ಟುಕೊಡಲಿಲ್ಲ ನೋಡು ಎಂದ. ನನಗೆ ಮೈ ಉರಿಯಿತು. ಅದು ಕೆಟ್ಟ ಮಾಲನ್ನು ಬೇಡ ಅನ್ನುವ ಕೆಲಸ, ತಡೆದು ನಿಲ್ಲಿಸುವ ಕೆಲಸ, ಎದುರು ಮಾತಾಡದವಳನ್ನು ಯಾರು ತೆಗೆದುಕೊಳ್ಳುತ್ತಾರೆ, ನೀನು ಅವಳಿಗೆ ಗಂಡು ಹುಡುಕುತ್ತಿದ್ದೀಯೋ ಕೆಲಸವೋ ಎಂದು ಪ್ರಭುವಿನ ಎದುರಿಗೇ ಕೇಳಿದೆ. ಸಂಗಮೇಶಣ್ಣ ನಿಜವಾಗಿಯೂ ಗಾಬರಿಯಾದ. ಅವನು ಯೋಚಿಸಿದ್ದು ಹಾಗಲ್ಲ. ಒಂದು ಹೆಣ್ಣುಮಗಳ ಬಗ್ಗೆ ಅವನಿಗೆ ಗೊತ್ತಿದ್ದ ಅತಿ ದೊಡ್ಡ ಹೊಗಳಿಕೆಯನ್ನೇ ಅವನು ಕೊಟ್ಟಿದ್ದ.

ಸುಮ್ಮನಿರಲು ನನ್ನಿಂದ ಆಗಲಿಲ್ಲ. ಅವತ್ತೇ ಕಾಂಚನಾಳಿಗೆ ನಾನೇ ಒಂದು ಶಿಫಾರಸು ಬರೆದೆ, ನನಗೆ ಗೊತ್ತಿದ್ದದ್ದನ್ನು ಮಾತ್ರ. ಡ್ರೈವರು ಬಾಗಿಲಲ್ಲಿ ಕಾಯುತ್ತಿದ್ದರೂ, ಮಾಲೀಕರು ಅವಸರ ಮಾಡಿದರೂ, ಪರೀಕ್ಷೆ ಮುಗಿಯುವ ಮೊದಲು ಅವಳು ಒಂದು ಸಲವೂ ನನಗೆ ಸಹಿ ಹಾಕಿದ ರಿಪೋರ್ಟು ಕೊಟ್ಟಿಲ್ಲ ಎಂದು. ಮಾರನೇ ದಿನ ವಿಶ್ವನಾಥ್ ಅವರಿಗೆ ಫೋನು ಮಾಡಿದೆ. ತಾಳ್ಮೆಯಿಂದ ಕೇಳಿಸಿಕೊಂಡರು. ಲಾರಿ ಇಳಿಸಿದಾಗ ನೀವಿದ್ದಿರಾ ಎಂದರು. ಇರಲಿಲ್ಲ ಎಂದೆ. ನೀವು ಬರೆದದ್ದು ಚೆನ್ನಾಗಿದೆ, ಆದರೆ ಗೇಟಿನ ಜವಾಬ್ದಾರಿ ಇದ್ದವರೇ ನಡೆದಿಲ್ಲ ಅಂದ ಮೇಲೆ ನಾನು ನನ್ನವರ ಮುಂದೆ ಏನು ಹೇಳಲಿ ಎಂದರು. ಅವರನ್ನು ಬೈಯಲೂ ನನಗೆ ಬಾಯಿ ಬರಲಿಲ್ಲ. ಕೆಲಸ ಬೇರೆಯವರಿಗೆ ಹೋಯಿತು.

ಕಾಂಚನಾಳಿಗೆ ಎಲ್ಲವನ್ನೂ ನಾನೇ ಹೇಳಿದೆ, ಫೋನಿನಲ್ಲಿ ಅವನು ಅಂದ ಮಾತುಗಳನ್ನೂ ಬಿಡದೆ. ಮುಚ್ಚಿಡುವ ಒಳ್ಳೆಯತನ ಒಬ್ಬರದು ಸಾಕಾಗಿತ್ತು. ಅವಳು ಕೇಳಿಸಿಕೊಂಡು, 'ಜಗಳಗಂಟಿ ಅಂತ ಬರೆದಿದ್ರೂ ಕೆಲ್ಸ ಸಿಕ್ತಿತ್ತು ಅಕ್ಕ' ಎಂದಳು.

ಸಂಗಮೇಶಣ್ಣ ಆಮೇಲೆ ಬಹಳ ದಿನ ಪೇಚಾಡಿದ. ಮೂರು ಸಲ ಹೊಸದಾಗಿ ಬರೆಯುತ್ತೇನೆಂದು ಫೋನು ತೆಗೆದ, ಪ್ರಭು ಕಂಡೊಡನೆ ಜೇಬಿಗಿಟ್ಟ. ಅವಳಿಗೆ ಫೋನು ಮಾಡಿದರೆ ಅವಳು ಎತ್ತುತ್ತಿರಲಿಲ್ಲ. ಎತ್ತದಿದ್ದದ್ದು ಅವನಿಗೆ ಆಶ್ಚರ್ಯ. ನಾನೇನು ಕೆಟ್ಟದ್ದು ಹೇಳಿದೆನೇ ಎಂದು ನನ್ನನ್ನೇ ಕೇಳುತ್ತಿದ್ದ. 

ಶ್ರಾವಣದಲ್ಲಿ ಅವನ ಮಗಳ ನಿಶ್ಚಿತಾರ್ಥ ಗೊತ್ತಾಯಿತು. ಮೊಳಕಾಲ್ಮೂರಿನ ಸೀರೆಯೇ ಆಗಬೇಕು, ಬಣ್ಣ ನೋಡಲು ನೀನು ಬಾ ಎಂದು ಅವನೂ ಅವನ ಹೆಂಡತಿ ಗಂಗಾಂಬಿಕಾ ಅತ್ತಿಗೆಯೂ ನನ್ನನ್ನು ಎಳೆದುಕೊಂಡು ಹೋದರು. ಅತ್ತಿಗೆಯ ಮುಖ ನೋಡಿ ಹೋದೆ. ಮೂರು ನಾಲ್ಕು ಮನೆ ಸುತ್ತಿ ಕೊನೆಗೆ ರಾಧಮ್ಮನವರ ಮನೆಗೆ ಬಂದೆವು. ಒಳಗೆ ಕಾಂಚನಾ ಇರುತ್ತಾಳೆಂದು ನನಗೆ ಗೊತ್ತಿತ್ತು. ಸಂಗಮೇಶಣ್ಣನಿಗೂ ಗೊತ್ತಿತ್ತು ಎಂದು ಬಾಗಿಲಲ್ಲಿ ಅವನು ಅಂಗಿ ಸರಿಮಾಡಿಕೊಂಡಾಗಲೇ ನನಗೆ ತಿಳಿದದ್ದು.

ಮಗ್ಗದ ಕೋಣೆಯ ಆಚೆ ಕಿಟಕಿಯ ಪಕ್ಕ ಅವಳು ರಾಟೆಯ ಮುಂದೆ ಕೂತು ಕಂಡಿಕೆ ಸುತ್ತುತ್ತಿದ್ದಳು. ನನ್ನನ್ನು ನೋಡಿ ನಕ್ಕಳು. ಅತ್ತಿಗೆ ಸೀರೆ ಬಿಡಿಸಿ ನೋಡುತ್ತಿರುವಾಗ ಸಂಗಮೇಶಣ್ಣ ಅವಳ ಹತ್ತಿರ ಹೋಗಿ ನಿಂತ. ಬಿಟ್ಟರೆ ಮತ್ತೆ ಏನಾದರೂ ಅನಾಹುತ ಮಾಡಿಯಾನು ಎಂದು ನಾನೂ ಹಿಂದೆಯೇ ಹೋದೆ. ಅಪ್ಪ ಹೇಗಿದ್ದಾರೆ, ಅವ್ವ ಹೇಗಿದ್ದಾರೆ ಎಂದು ಕೇಳಿದ. ಅವಳು ಒಂದೊಂದು ಮಾತಿನಲ್ಲಿ ಉತ್ತರ ಕೊಟ್ಟಳು. ದಾವಣಗೆರೆಯಲ್ಲಿ ತನಗೆ ಬೇಕಾದವರ ಎಣ್ಣೆ ಗಿರಣಿಯಿದೆ, ಲ್ಯಾಬಿಗೆ ಜನ ಬೇಕಂತೆ, ಒಂದು ಮಾತು ಹಾಕುತ್ತೇನೆ ಎಂದ. ಈ ಸಲ ಗಟ್ಟಿಯಾಗಿ ಹೇಳುತ್ತೇನೆ ಎಂದೂ ಸೇರಿಸಿದ.

ಅವಳು ರಾಟೆ ನಿಲ್ಲಿಸಿದಳು. ಎಳೆ ಕಡಿಯದಂತೆ ಬೆರಳಲ್ಲಿ ಹಿಡಿದುಕೊಂಡೇ ಅವನ ಮುಖ ನೋಡಿದಳು.

'ಅಣ್ಣ, ನಿಮ್ಮ ಮೇಲೆ ನನಗೆ ದ್ವೇಷ ಇಲ್ಲ. ಒಂದು ಉಪಕಾರ ಮಾಡ್ರಿ ಸಾಕು. ಇನ್ಮೇಲೆ ನನ್ನ ಬಗ್ಗೆ ಯಾರು ಕೇಳಿದ್ರೂ, ಆ ಹುಡ್ಗಿ ನನಗೆ ಗೊತ್ತಿಲ್ಲ ಅಂದ್ಬಿಡ್ರಿ.'

 ರಾಟೆ ಮತ್ತೆ ತಿರುಗಲು ಶುರುವಾಯಿತು. ಅಷ್ಟರಲ್ಲಿ ರಾಧಮ್ಮ ಕಾಫಿಯ ತಟ್ಟೆ ಹಿಡಿದು ಒಳಗಿನಿಂದ ಬಂದರು. ಸಂಗಮೇಶಣ್ಣ ಕಾಂಚನಾಳ ಬಳಿ ನಿಂತದ್ದನ್ನು ನೋಡಿ, ಕೊಂಡ್ಲಹಳ್ಳಿ ಹುಡುಗಿ, ಕೈ ಬಲು ಚುರುಕು ಎಂದು ಹೊಗಳಿ, 'ನಿಮ್ಗೆ ಗೊತ್ತಾ ಏನ್ರಿ ಇವ್ಳು?' ಎಂದು ವಿಚಾರಿಸಿದರು.

ಅವನು ಕಾಂಚನಾಳ ಕಡೆ ನೋಡಿದ. ಅವಳು ಎಳೆಯಿಂದ ಕಣ್ಣು ಎತ್ತಲಿಲ್ಲ. 

'ಇಲ್ಲಮ್ಮ, ಗೊತ್ತಿಲ್ಲ' ಎಂದ.

ಅವಳ ವಿಷಯದಲ್ಲಿ ಅವಳು ಕೇಳಿಕೊಂಡ ಹಾಗೆಯೇ ಅವನು ಉಳಿಸಿಕೊಂಡ ಮಾತು ಅದೊಂದೇ.